ಪದಚರ್ಚೆ: ಜಲಚಕ್ರದ ಮೂರು ಹಂತದ ಓದುಕಾರ್ಡು – ಸಾಂದ್ರೀಕರಣವೋ, ಹನಿಗಟ್ಟುವುದೋ? (ತುರ್ತು)

ವಸುಧಾ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಅಚ್ಚಿಗೆ ಹೋಗಬೇಕಾದ ಕಾರ್ಡುಗಳು ಒಂದು ಪದಕ್ಕಾಗಿ ನಿಂತಿವೆ.

ನಾಲ್ಕು, ಐದು, ಆರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುವ ಶಾಲೆಗಳಿಗೆ ಜಲಚಕ್ರದ ಪಾಠವನ್ನು ಮೂರು ಹಂತದಲ್ಲಿ ಬರೆದಿದ್ದೇವೆ. ಮೊದಲನೆಯದು ಸುಮಾರು 60 ಪದ, ಎರಡನೆಯದು 120, ಮೂರನೆಯದು 200. ಮೂರರಲ್ಲೂ ಕಥೆ ಒಂದೇ: ಅರಬ್ಬಿ ಸಮುದ್ರದ ನೀರು ಆವಿಯಾಗಿ, ಆಗುಂಬೆಯ ಹತ್ತಿರ ಮೋಡವಾಗಿ, ಮಳೆ ಸುರಿದು, ಹೊಳೆ ಸೇರಿ ಮತ್ತೆ ಅದೇ ಸಮುದ್ರಕ್ಕೆ ಹೋಗುವುದು. ಓದಿ ಮುಗಿದ ಮೇಲೆ ಮೂರೂ ಗುಂಪಿನವರು ಸೇರಿ ಒಂದೇ ಚಿತ್ರದ ಬಾಣಗಳಿಗೆ ಹೆಸರು ಬರೆಯಬೇಕು. ಹಾಗಾಗಿ ಹಂತಕ್ಕೊಂದು ಪದ ಇಡುವಂತಿಲ್ಲ.

ಆವಿ ಮೋಡವಾಗುವ ಬಾಣಕ್ಕೆ ಏನು ಬರೆಯಲಿ? ಕೈಲಿರುವ ಹಳೆಯ ಪುಸ್ತಕಗಳಲ್ಲಿ ಸಾಂದ್ರೀಕರಣ, ಘನೀಕರಣ, ದ್ರವೀಕರಣ ಮೂರೂ ಸಿಕ್ಕಿವೆ. ಮೊದಲ ಹಂತದ ಆ ಭಾಗ ಸದ್ಯಕ್ಕೆ ಹೀಗಿದೆ:

"ಆವಿ ಮೇಲೆ ಹೋಗುತ್ತದೆ. ಮೋಡ ಆಗುತ್ತದೆ. ಮಳೆ ಬರುತ್ತದೆ."

ಶ್ರೀನಿವಾಸಮೂರ್ತಿ:

ಮೂರೂ ತಪ್ಪು. ಕರಣ ಎಂದರೆ ಮಾಡುವುದು, ಭವನ ಎಂದರೆ ಆಗುವುದು. ಶುದ್ಧೀಕರಣವನ್ನು ಯಾರೋ ಮಾಡುತ್ತಾರೆ. ಆಕಾಶದಲ್ಲಿ ಆವಿಯನ್ನು ಯಾರೂ ಸಾಂದ್ರ ಮಾಡುತ್ತಿಲ್ಲ, ಅದು ತಾನೇ ಆಗುತ್ತಿದೆ. ಆದ್ದರಿಂದ ಸಾಂದ್ರೀಭವನ. ಇದರಲ್ಲಿ ಚರ್ಚೆಗೇನೂ ಇಲ್ಲ.

ಇನ್ನೊಂದು. ನಿಮ್ಮ ಮೂರನೇ ಹಂತದಲ್ಲಿ 'ಭಾಷ್ಪೀಕರಣ' ಎಂದು ಖಂಡಿತ ಇರುತ್ತದೆ, ಎಲ್ಲರೂ ಹಾಗೇ ಬರೆಯುತ್ತಾರೆ. ಅದು ಬಾಷ್ಪ. ಆನಂದಬಾಷ್ಪದಲ್ಲಿರುವ ಬಾಷ್ಪ. ಭಾಷೆಗೂ ಅದಕ್ಕೂ ಸಂಬಂಧವಿಲ್ಲ.

ಕೆಂಪರಾಜು:

ಕಣ್ಣೀರಿನ ಪದ ತಂದು ಕಡಲಿಗೆ ಹಾಕುವುದಾದರೆ ನಮ್ಮದೇ ಕಣ್ಣೀರು ಇದೆಯಲ್ಲ ಸ್ವಾಮಿ. ಕಣ್ಣು ಹನಿಗೂಡಿತು ಅನ್ನುತ್ತೇವೆ. ಹೆಪ್ಪುಗಟ್ಟು, ಪಾಚಿಗಟ್ಟು, ಕೆನೆಗಟ್ಟು ಎಲ್ಲ ಬಳಕೆಯಲ್ಲಿವೆ. ಅದೇ ಅಚ್ಚಿನಲ್ಲಿ ಹನಿಗಟ್ಟು. ಹತ್ತು ವರ್ಷದ ಹುಡುಗ ಮೊದಲ ಸಲ ಕೇಳಿದರೂ ಅರ್ಥವಾಗುತ್ತದೆ. ಕರಣವೋ ಭವನವೋ ಎಂಬ ಜಗಳವೇ ಹುಟ್ಟುವುದಿಲ್ಲ, ಕನ್ನಡದ 'ಗಟ್ಟು' ಅದನ್ನು ತಾನೇ ನೋಡಿಕೊಳ್ಳುತ್ತದೆ.

ಜಲಚಕ್ರವನ್ನೂ 'ನೀರ ಸುತ್ತು' ಮಾಡಿ. ನೀರಾವಿಗೆ 'ಹಬೆ' ಸಾಕು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಕಣ್ಣಿಗೆ ಕಾಣುವ ಆವಿ ಅದೇ ತಾನೇ. ಮಕ್ಕಳು ನೋಡಿರುವುದೂ ಅದನ್ನೇ.

ರೇಖಾ:

ಹನಿಗಟ್ಟುವುದು ಸರಿ, ಹಬೆ ತಪ್ಪು. ಅದು ಏಕೆ ತಪ್ಪು ಎನ್ನುವುದರಲ್ಲೇ ವಸುಧಾ ಅವರ ಪ್ರಶ್ನೆಯ ಉತ್ತರವಿದೆ.

ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಕೆಟಲ್ಲಿನ ಮೂತಿಯನ್ನು ದೂರದಿಂದ ಗಮನಿಸಿ ನೋಡಿ: ಮೂತಿಗೂ ಬಿಳಿ ಹೊಗೆಯಂಥದ್ದಕ್ಕೂ ನಡುವೆ ಸ್ವಲ್ಪ ಜಾಗ ಖಾಲಿ ಕಾಣುತ್ತದೆ. ಆವಿ ಇರುವುದು ಆ ಖಾಲಿ ಜಾಗದಲ್ಲಿ. ಬೆಳ್ಳಗೆ ಕಾಣುವುದು ಹೊರಗಿನ ಗಾಳಿಗೆ ತಣ್ಣಗಾಗಿ ಆಗಲೇ ಹನಿಗಟ್ಟಿದ ನೀರು. ಕಾರ್ಡಿನಲ್ಲಿ ಆವಿಯನ್ನು ಹಬೆ ಎಂದು ಕರೆದರೆ ಹನಿಗಟ್ಟುವ ಹೆಜ್ಜೆ ಮೊದಲೇ ನಡೆದುಹೋಯಿತು. ಮೋಡದ ಬಾಣಕ್ಕೆ ಕೆಲಸವೇ ಉಳಿಯುವುದಿಲ್ಲ. ಮಗು "ಮೋಡ ಅಂದರೆ ಆವಿ" ಎಂದು ಬರೆಯುತ್ತದೆ. ಜೊತೆಗೆ, ಹಬೆ ಎಂದರೆ ಒಲೆ, ಕುದಿಯುವುದು. ಸಮುದ್ರ ಕುದಿಯಬೇಕು ಎಂಬ ಕಲ್ಪನೆ ಒಮ್ಮೆ ಹೊಕ್ಕರೆ ತೆಗೆಯುವುದು ಕಷ್ಟ. ಒಗೆದ ಬಟ್ಟೆ ನೆರಳಲ್ಲೂ ಒಣಗುತ್ತದೆ ಎಂಬ ಒಂದು ವಾಕ್ಯ ಮೂರೂ ಹಂತದಲ್ಲಿ ಇರಲಿ.

ಈಗ ಹಳೆಯ ಪದಗಳು. ಘನೀಕರಣ ಎಂದರೆ ಗಟ್ಟಿಯಾಗುವುದು, ನೀರು ಮಂಜುಗಡ್ಡೆಯಾಗುವುದಕ್ಕೆ ಅದು ಬೇಕು. ಸಾಂದ್ರೀಕರಣದ ತೊಂದರೆ ಬೇರೆ. ಆರನೆಯ ತರಗತಿಯವರಿಗೆ ಸಾಂದ್ರ ಎಂದರೆ ಜನಸಾಂದ್ರತೆ, ಅಂದರೆ ಒತ್ತೊತ್ತಾಗಿರುವುದು. ಡಬ್ಬಿಯ ಮೇಲೆ ಸಾಂದ್ರೀಕೃತ ಹಾಲು ಎಂದಿರುತ್ತದೆ. ಆ ಹಾಲನ್ನು ಮಾಡುವುದು ನೀರನ್ನು ಆವಿಯಾಗಿಸಿ ಹೊರಗೆ ಕಳಿಸಿ! ನಮ್ಮ ಬಾಣ ತೋರಿಸುವುದಕ್ಕೆ ಪೂರ್ತಿ ಉಲ್ಟಾ. ಮೂರ್ತಿಯವರ 'ಭವನ' ವ್ಯಾಕರಣದಲ್ಲಿ ಸರಿ, ಆದರೆ ತೊಡಕಿರುವುದು 'ಸಾಂದ್ರ'ದಲ್ಲಿ.

ಪದಕ್ಕಿಂತ ದೊಡ್ಡ ತೊಂದರೆ ಮೊದಲ ಹಂತದ ಆ ಮೂರು ವಾಕ್ಯಗಳದ್ದು. ಸುಲಭ ಮಾಡಲು ಹೋಗಿ ಕಾರಣವನ್ನೇ ಕತ್ತರಿಸಿದ್ದೀರಿ. "ಮೋಡ ಯಾಕೆ ಆಯಿತು?" ಎಂದು ಕೇಳಿದರೆ ಕಾರ್ಡಿನಲ್ಲಿ ಉತ್ತರ ಇಲ್ಲ. ವಾಕ್ಯ ಚಿಕ್ಕದಾದಷ್ಟೂ ಸುಲಭ ಎಂಬ ಲೆಕ್ಕ ಕನ್ನಡಕ್ಕೆ ಅಷ್ಟಾಗಿ ಹೊಂದುವುದಿಲ್ಲ. 'ಏರಿ, ತಣ್ಣಗಾಗಿ' ಎಂದು ಎರಡು ಕ್ರಿಯೆ ಕೋದು ಮಾತಾಡುವುದು ನಾಲ್ಕನೆಯ ತರಗತಿಯವರಿಗೆ ನೀರು ಕುಡಿದಷ್ಟು ಸಲೀಸು, ದಿನವೂ ಮಾತಾಡುವುದೇ ಹಾಗೆ. ಅವರು ಎಡವುವುದು "ಬಿಸಿಯಾದ ಗಾಳಿಯಲ್ಲಿ ಸೇರಿದ ಆವಿಯು ಏರಿದ ಎತ್ತರದಲ್ಲಿ" ಎಂದು ಹೆಸರಿನ ಹಿಂದೆ ಗಂಟು ಕಟ್ಟಿದಾಗ, ಮತ್ತು 'ಉಂಟುಮಾಡಲ್ಪಡುತ್ತದೆ' ಎಂದಾಗ. ನನ್ನ ಕೈಯಲ್ಲಿ ಆ ಹೆಜ್ಜೆ ಹೀಗಾಗುತ್ತದೆ:

ಹಂತ 1: "ಆವಿ ಮೇಲೆ ಏರಿ ತಣ್ಣಗಾಗುತ್ತದೆ. ತಣ್ಣಗಾದ ಆವಿ ಹನಿಗಟ್ಟುತ್ತದೆ. ಆ ಪುಟ್ಟ ಹನಿಗಳೆಲ್ಲ ಸೇರಿದ್ದೇ ಮೋಡ."

ಹಂತ 2: "ಕಡಲಿನಿಂದ ಬಂದ ಗಾಳಿಗೆ ಘಟ್ಟ ಅಡ್ಡ ಬರುತ್ತದೆ. ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗುತ್ತದೆ. ಆಗ ಅದರಲ್ಲಿರುವ ಆವಿ ಹನಿಗಟ್ಟುತ್ತದೆ. ಆವಿ ಹೀಗೆ ಮತ್ತೆ ನೀರಾಗುವುದನ್ನು ಹನಿಗಟ್ಟುವಿಕೆ ಎನ್ನುತ್ತಾರೆ."

ಹಂತ 3: "ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಆವಿ ಧೂಳು, ಉಪ್ಪಿನಂಥ ಸಣ್ಣ ಕಣಗಳ ಮೇಲೆ ಹನಿಗಟ್ಟುತ್ತದೆ. ಮೋಡದ ಸುಮಾರು 10 ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ದೊಡ್ಡ ತರಗತಿಗಳಲ್ಲಿ ಹನಿಗಟ್ಟುವಿಕೆಗೆ ಸಾಂದ್ರೀಕರಣ ಎಂಬ ಪದವನ್ನೂ ಕಾಣುತ್ತೀರಿ."

ಮೂರನೆಯದರಲ್ಲಿ ಒಂದು ಎಚ್ಚರಿಕೆ. ಎರಡನೆಯ ಹಂತದಲ್ಲಿ "ಉಪ್ಪು ಕಡಲಲ್ಲೇ ಉಳಿಯುತ್ತದೆ" ಎಂದಿದ್ದರೆ, ಮೂರನೆಯ ಹಂತದ ಉಪ್ಪಿನ ಕಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಆವಿಯ ಜೊತೆ ಬಂದದ್ದಲ್ಲ, ಅಲೆ ಒಡೆದು ಹಾರಿದ ತುಂತುರು ಗಾಳಿಯಲ್ಲೇ ಒಣಗಿ ಉಳಿದದ್ದು. ಒಂದು ವಾಕ್ಯ ಸೇರಿಸಿ, ಇಲ್ಲವೇ ಧೂಳು ಮಾತ್ರ ಇಡಿ.

ಇಮ್ತಿಯಾಜ್:

ಕಲಿಯುವ ಮಗುವಿಗೆ ಮೊದಲು ಆಸರೆ ಕೊಟ್ಟು ಆಮೇಲೆ ತೆಗೆಯುತ್ತಾ ಹೋಗುವ ಸ್ಕ್ಯಾಫೋಲ್ಡಿಂಗ್‌ಗೆ ಕನ್ನಡ ಪದ ತಾನೇ ಕೇಳುತ್ತಿರುವುದು? ತರಬೇತಿಗಳಲ್ಲಿ ಊರುಗೋಲು ಎನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಊರುಗೋಲು ಹಿಡಿದವನು ಅದನ್ನು ಬಿಡುವುದು ಕಷ್ಟ. ಗಾರೆ ಕೆಲಸದವರು ಕಟ್ಟುವ ಸಾರವೆ ಒಳ್ಳೆಯ ಪದ. ಗೋಡೆ ಎದ್ದ ಮೇಲೆ ಬಿಚ್ಚುವುದಕ್ಕೆಂದೇ ಕಟ್ಟುವುದು ಅದನ್ನು. 'ಸಾರವೆ ಪಾಠ' ಎನ್ನಿ.

ವಸುಧಾ:

ಇಮ್ತಿಯಾಜ್ ಅವರೇ, ಪ್ರಶ್ನೆ ಅದಲ್ಲ, ಕಾರ್ಡಿನ ಮೇಲೆ ಆ ಪದವೇ ಬರುವುದಿಲ್ಲ. ಆದರೆ ಬಿಚ್ಚುವ ಮಾತು ಉಪಯೋಗಕ್ಕೆ ಬಂತು. ಮೂರೂ ಕಾರ್ಡಿನ ಅಂಚಿನಲ್ಲಿ ಕಷ್ಟಪದದ ಪಟ್ಟಿ ಇಟ್ಟಿದ್ದೆ. ಮೊದಲನೆಯದರಲ್ಲಿ ಚಿತ್ರ ಸಮೇತ, ಎರಡನೆಯದರಲ್ಲಿ ಪಟ್ಟಿ ಮಾತ್ರ, ಮೂರನೆಯದರಲ್ಲಿ ಏನೂ ಇಲ್ಲದಂತೆ ಬದಲಾಯಿಸುತ್ತೇನೆ.

ಶ್ರೀನಿವಾಸಮೂರ್ತಿ:

ಆರನೇ ತರಗತಿಯ ಹುಡುಗ ಮುಂದೆ ಪಠ್ಯಪುಸ್ತಕ ತೆರೆದಾಗ ಅಲ್ಲಿ ಹನಿಗಟ್ಟುವಿಕೆ ಇರುವುದಿಲ್ಲ. ಪರೀಕ್ಷೆಯಲ್ಲೂ ಇರುವುದಿಲ್ಲ. ಶಾಸ್ತ್ರಕ್ಕೆ ಶಾಸ್ತ್ರದ ಪದ ಬೇಕು. ಹನಿಗಟ್ಟು ಎಂದಿರಿ, ಸರಿ. ಬಾಷ್ಪವಿಸರ್ಜನೆಗೆ ಏನು ಮಾಡುತ್ತೀರಿ? ಎಲೆ ಬೆವರುವುದು ಎನ್ನುತ್ತೀರಾ?

ಕೆಂಪರಾಜು:

ಹೌದು, ಎಲೆ ಬೆವರುವುದು. ಏನು ಕೊರತೆ ಅದರಲ್ಲಿ?

ರೇಖಾ:

ಕೊರತೆ ಇದೆ. ಬೆವರು ದ್ರವವಾಗಿ ಹೊರಬಂದು ಆಮೇಲೆ ಆರುತ್ತದೆ. ಎಲೆಯಿಂದ ಹೊರಬರುವಾಗಲೇ ಅದು ಆವಿ. ಮುಂಜಾನೆ ಹುಲ್ಲಿನ ತುದಿಯಲ್ಲಿ ಕಾಣುವ ಹನಿಯನ್ನು ಎಲೆಯ ಬೆವರು ಎಂದುಕೊಂಡರೆ ಇನ್ನೊಂದು ತಪ್ಪಿಗೆ ದಾರಿ. "ಎಲೆಯೂ ಆವಿ ಬಿಡುತ್ತದೆ" ಎಂದರೆ ಸಾಕು. ಇಲ್ಲಿ ನಾನು ಮೂರ್ತಿಯವರ ಕಡೆ: ಮೂರನೆಯ ಹಂತದಲ್ಲಿ ಬಾಷ್ಪವಿಸರ್ಜನೆ ಇರಲಿ, ಅದಕ್ಕೆ ಗೊಂದಲದ ಇನ್ನೊಂದು ಅರ್ಥವಿಲ್ಲ. ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಮಗುವಿನ ತಲೆಯಲ್ಲಿ ಅದು ಆಗಲೇ ಇನ್ನೇನಾಗಿ ಕೂತಿದೆ ಎನ್ನುವುದು ನನಗೆ ಮುಖ್ಯ.

ನಾಗಣ್ಣ:

ನಮ್ಮ ಕೋಲಾರದ ಕಡೆ ಕೆರೆ ಪಕ್ಕ ಹಾಕುವ ಬೋರ್ಡಿಗೆ 'ಇಂಗುಗುಂಡಿ' ಎಂದು ಬರೆಸಿದೆವು, ಒಬ್ಬರೂ ಅರ್ಥ ಕೇಳಲಿಲ್ಲ. ಒಗ್ಗರಣೆಯ ಇಂಗು ಎಂದು ತಮಾಷೆ ಮಾಡಿದರು, ಅಷ್ಟೆ. ಇಂಗುವುದಕ್ಕೆ ಮೂರು ಹಂತದಲ್ಲೂ ಇಂಗುವುದೇ ಇರಲಿ, ಅಂತಃಸರಣ ಗಿಂತಃಸರಣ ಬೇಡ.

ಪದ ಬಿಡಿ, ವಸುಧಾ ಮೇಡಂ. ನಿಮ್ಮ ಕಥೆಯಲ್ಲೇ ತಪ್ಪಿದೆ. 'ಮತ್ತೆ ಅದೇ ಸಮುದ್ರಕ್ಕೆ' ಎಂದಿದ್ದೀರಿ. ಆಗುಂಬೆಯ ಕಡೆ ಪಶ್ಚಿಮಕ್ಕೆ ಇಳಿದ ನೀರು ಸೀತಾ ನದಿ ಹಿಡಿದು ಅರಬ್ಬಿ ಸಮುದ್ರ ಸೇರುತ್ತದೆ, ನಿಜ. ಪೂರ್ವಕ್ಕೆ ಹರಿದದ್ದು ತುಂಗೆಗೆ. ತುಂಗೆ ಭದ್ರೆಯನ್ನು ಕೂಡಿ, ಕೃಷ್ಣೆಗೆ ಬಿದ್ದು, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಷ್ಟು ದೂರದಲ್ಲಿ ಎಷ್ಟೋ ನೀರು ಗದ್ದೆ, ಕೆರೆ, ಗಿಡಮರಗಳಿಂದ ಕಡಲು ಕಾಣದೆಯೇ ಮತ್ತೆ ಆವಿ. ನಮ್ಮಲ್ಲಂತೂ ಕೆರೆಗೆ ಬಿದ್ದ ಮಳೆ ಬಹುಪಾಲು ಹಾಗೇ ಹೋಗುವುದು. ಒಂದೇ ದೊಡ್ಡ ಗಾಲಿ ಬರೆದರೆ ಇದಾವುದೂ ಕಾಣುವುದಿಲ್ಲ.

ಕೆಂಪರಾಜು:

ಅದಕ್ಕೇ ಚಕ್ರ ಬೇಡ ಎಂದದ್ದು. ಚಕ್ರ ಎಂದೊಡನೆ ಒಂದೇ ದಾರಿ. ಸುತ್ತು ಎಂದರೆ ಊರೆಲ್ಲ ಸುತ್ತಿ ಬಂದದ್ದೂ ಸುತ್ತೇ.

ಶ್ರೀನಿವಾಸಮೂರ್ತಿ:

ತಲೆಸುತ್ತು ಕೂಡ.

ವಸುಧಾ:

ನಾಗಣ್ಣನವರೇ, ಇದು ಮೂರು ಸಲ ಓದಿದರೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲ ಹಂತದಲ್ಲಿ "ಹೊಳೆ ಕಡಲಿಗೆ ಹೋಗುತ್ತದೆ" ಎಂದಷ್ಟೇ ಇಡುತ್ತೇನೆ, 'ಅದೇ' ತೆಗೆಯುತ್ತೇನೆ. ಎರಡನೆಯದಕ್ಕೆ ತುಂಗೆಯ ದಾರಿ ಸೇರುತ್ತದೆ. ಚಿತ್ರದಲ್ಲಿ ಗದ್ದೆ ಮತ್ತು ಮರದಿಂದ ಮೇಲಕ್ಕೆ ಇನ್ನೆರಡು ಬಾಣ ಹಾಕಿಸುತ್ತೇನೆ.

ಬಾಣದ ಮೇಲೆ 'ಹನಿಗಟ್ಟುವುದು'. ಮೊದಲ ಹಂತದಲ್ಲಿ ಓದಿದ್ದು 'ಹನಿಗಟ್ಟುತ್ತದೆ', ಎರಡನೆಯದರಲ್ಲಿ 'ಹನಿಗಟ್ಟುವಿಕೆ'. ಬೇರು ಒಂದೇ ಆದ್ದರಿಂದ ಮೂರೂ ಗುಂಪಿಗೆ ಗುರುತು ಸಿಗುತ್ತದೆ ಎಂದುಕೊಂಡಿದ್ದೇನೆ. ಸಾಂದ್ರೀಕರಣ ಮೂರನೆಯ ಕಾರ್ಡಿನಲ್ಲಿ ಒಂದೇ ಸಲ, ರೇಖಾ ಅವರ ವಾಕ್ಯದಲ್ಲಿದ್ದಂತೆ. ಶೀರ್ಷಿಕೆ ಜಲಚಕ್ರವೇ, ಕೆಂಪರಾಜು ಕ್ಷಮಿಸಿ. ಹೌದು ಮೂರ್ತಿ ಸರ್, ಮೂರನೆಯ ಕಾರ್ಡಿನಲ್ಲಿ 'ಭಾಷ್ಪ' ಎಂದೇ ಇತ್ತು. ತಿದ್ದಿದೆ.

ಒಂದು ಉಳಿಯಿತು. ಆಗುಂಬೆಯಲ್ಲಿ ರಸ್ತೆಗೆ ಇಳಿಯುವ ಮೋಡಕ್ಕೆ 'ಮಂಜು' ಎಂದು ಬರೆದಿದ್ದೆವು. ಆರನೆಯ ತರಗತಿಯ ಕಾರ್ಡಿನಲ್ಲಿ ಮಂಜುಗಡ್ಡೆಯೂ ಇದೆ. ಮಂಜು ಗಟ್ಟಿಯಾದರೆ ಮಂಜುಗಡ್ಡೆ ಎಂದು ಮಕ್ಕಳು ಓದಿಕೊಳ್ಳುವುದಿಲ್ಲವೇ? ನಾಳೆ ಮಧ್ಯಾಹ್ನ 12ರವರೆಗೆ ತಿದ್ದಲು ಅವಕಾಶವಿದೆ.

ಕೆಂಪರಾಜು:

ಕಾವಳ.

ಶ್ರೀನಿವಾಸಮೂರ್ತಿ:

ಕಾವಳ ಎಂದರೆ ಕತ್ತಲು.