ಸೀಡ್ ಒಂದೇ ಇದ್ದರೂ ನಾಲ್ಕನೇ ದೃಶ್ಯದ ಹೊತ್ತಿಗೆ ಜಲವರ್ಣ ಪ್ಲಾಸ್ಟಿಕ್ ಆಗುತ್ತಿದೆ

ಕಣದಮನೆ (ಮೂಡಿಗೆರೆ)
ಅಜ್ಜಿಯೊಬ್ಬರು ಬೆಳಿಗ್ಗೆ ಕಣದಲ್ಲಿ ಕಾಫಿ ಹಣ್ಣು ಹರಡುವುದರಿಂದ ಹಿಡಿದು ರಾತ್ರಿ ಒಲೆಯ ಮುಂದೆ ಕೂರುವವರೆಗಿನ ಆರು ದೃಶ್ಯಗಳನ್ನು ಕಂಫಿಯುಐನಲ್ಲಿ ಜಲವರ್ಣ ಶೈಲಿಯ ಎಐ ವಿಡಿಯೋಗಳಾಗಿ ಮಾಡುತ್ತಿದ್ದೇನೆ. ಮೊದಲ ದೃಶ್ಯದಲ್ಲಿ ಕಾಗದದ ತರಿ ಕಾಣುತ್ತದೆ, ಹೆಂಚಿನ ಕೆಂಪು ಅಂಚಿನಲ್ಲಿ ನೀರಿನೊಂದಿಗೆ ಹರಡಿಕೊಂಡಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಹಣ್ಣುಗಳು ಹೊಳೆಯುವ ಪ್ಲಾಸ್ಟಿಕ್ ಮಣಿಗಳಾಗುತ್ತವೆ, ಅಜ್ಜಿಯ ಕೆನ್ನೆ ಮೇಣದಂತಾಗುತ್ತದೆ. ಸೀಡ್ ಆರಕ್ಕೂ ಒಂದೇ, ರೆಫರೆನ್ಸ್ ಚಿತ್ರವಿದೆ, ನೆಗೆಟಿವ್ ಪ್ರಾಂಪ್ಟ್‌ನಲ್ಲಿ `photorealistic, 3d render, plastic` ಎಂದು ಬರೆದಿದ್ದೇನೆ. ಹತ್ತು ರಾತ್ರಿ ಇದರಲ್ಲೇ ಹೋಯಿತು. ದಯವಿಟ್ಟು ತಿಳಿಸಿ.

ಆಲೂರು ಎಡಿಟರ್
ಸೀಡ್ ಬದಲಾಗುತ್ತಿದೆ. `control_after_generate` ಎಂಬಲ್ಲಿ `randomize` ಇರುತ್ತದೆ, ಅದನ್ನು `fixed` ಮಾಡಿ.

ಕಣದಮನೆ
ಅದು ಮೊದಲಿನಿಂದಲೂ `fixed` ಆಗಿಯೇ ಇದೆ ಸರ್.

ಆಲೂರು ಎಡಿಟರ್
ಹಾಗಾದರೆ ಆ ಸೀಡೇ ಸರಿಯಿಲ್ಲ. ಇಪ್ಪತ್ತು ಸೀಡ್ ಓಡಿಸಿ, ಜಲವರ್ಣ ಚೆನ್ನಾಗಿ ಬಂದದ್ದನ್ನು ಹಿಡಿದುಕೊಂಡು ಎಲ್ಲಾ ದೃಶ್ಯಗಳಿಗೂ ಅದನ್ನೇ ಹಾಕಿ.

ಹೇಮಾವತಿ ದಂಡೆ (ಸಕಲೇಶಪುರ)
ಸೀಡ್ ನಿರ್ಧರಿಸುವುದು ಚಿತ್ರ ಮೂಡುವ ಮುನ್ನ ಇರುವ ಅಡ್ಡಾದಿಡ್ಡಿ ಚುಕ್ಕೆಗಳ, ಅಂದರೆ ಗದ್ದಲದ, ವಿನ್ಯಾಸವನ್ನು ಮಾತ್ರ, ಶೈಲಿಯನ್ನಲ್ಲ. ಪ್ರಾಂಪ್ಟ್ ಬದಲಾದರೆ ಅದೇ ಗದ್ದಲದಿಂದ ಬೇರೆಯೇ ಚಿತ್ರ ಮೂಡುತ್ತದೆ. ಚಿತ್ರದ ಅಳತೆಯನ್ನೋ ಫ್ರೇಮ್‌ಗಳ ಸಂಖ್ಯೆಯನ್ನೋ ಬದಲಿಸಿದರೆ ಆ ಗದ್ದಲವೂ ಮೊದಲಿನದಾಗಿ ಉಳಿಯುವುದಿಲ್ಲ. ಸ್ಥಿರ ಸೀಡ್‌ನ ನಿಜವಾದ ಉಪಯೋಗ ಪರೀಕ್ಷೆಗೆ, ಅಂದರೆ ಒಂದೇ ಒಂದು ಅಂಶವನ್ನು ಬದಲಿಸಿ ಅದರ ಪರಿಣಾಮವನ್ನು ನೋಡುವುದಕ್ಕೆ. ನೀವು ಎರಡು ವಿಷಯ ಹೇಳಿಲ್ಲ: `steps` ಮತ್ತು `cfg` ಎಷ್ಟಿವೆ, ಎರಡನೇ ದೃಶ್ಯದ ಮೊದಲ ಫ್ರೇಮ್ ಎಲ್ಲಿಂದ ಬರುತ್ತಿದೆ?

ಬೇಲೂರು ರಸ್ತೆ
ನನಗೂ ಇದೇ ತೊಂದರೆಯಿತ್ತು. ಮದನಿಕೆಯ ಶಿಲ್ಪವನ್ನು ಸುತ್ತಲೂ ತೋರಿಸಹೊರಟಾಗ ಕೊರಳ ಹಾರದ ಎಳೆಗಳು ಪ್ರತಿ ದೃಶ್ಯದಲ್ಲೂ ಬದಲಾಗುತ್ತಿದ್ದವು. ಮುಂದಿನಿಂದ, ಎರಡೂ ಪಕ್ಕಗಳಿಂದ ತೆಗೆದ ಫೋಟೋಗಳನ್ನು ರೆಫರೆನ್ಸ್ ಆಗಿ ಕೊಟ್ಟ ಮೇಲೆ ನಿಂತಿತು.

ಹೇಮಾವತಿ ದಂಡೆ
ಅದು ಒಂದೇ ವಸ್ತುವಿನ ಆಕಾರವನ್ನು ಉಳಿಸಿಕೊಳ್ಳುವ ಸಮಸ್ಯೆ. ಇವರ ಅಜ್ಜಿ ಅಜ್ಜಿಯಾಗಿಯೇ ಉಳಿದಿದ್ದಾರೆ, ಕಾಗದ ಮಾಯವಾಗಿದೆ.

ಕಣದಮನೆ
ವಾನ್ 2.2 ಮಾದರಿಯ ಇಮೇಜ್‌ನಿಂದ ವಿಡಿಯೋ, 81 ಫ್ರೇಮ್. ಬೇಗ ಮುಗಿಯಲೆಂದು 4 ಸ್ಟೆಪ್‌ನ ಲೋರಾ ಹಾಕಿದ್ದೇನೆ, `cfg` 1. ಪ್ರತಿ ದೃಶ್ಯದ ಕೊನೆಯ ಫ್ರೇಮನ್ನು ಎಂಪಿ4ನಿಂದ ತೆಗೆದು ಮುಂದಿನದಕ್ಕೆ ಕೊಡುತ್ತೇನೆ. ಎಲ್ಲರೂ ಹೀಗೆಯೇ ಮಾಡುತ್ತಾರೆಂದು ಬರೆದಿರಲಿಲ್ಲ.

ಹೇಮಾವತಿ ದಂಡೆ
ಎರಡು ಕಾರಣಗಳೂ ಅಲ್ಲೇ ಇವೆ. `cfg` 1 ಇದ್ದಾಗ ನೆಗೆಟಿವ್ ಪ್ರಾಂಪ್ಟ್ ಲೆಕ್ಕಕ್ಕೇ ಬರುವುದಿಲ್ಲ. ಅದೇ ಚಿತ್ರ, ಅದೇ ಸೀಡ್ ಇಟ್ಟುಕೊಂಡು ಒಮ್ಮೆ ನೆಗೆಟಿವ್ ಬರೆದು, ಒಮ್ಮೆ ಖಾಲಿ ಬಿಟ್ಟು ಓಡಿಸಿ. ಎರಡು ವಿಡಿಯೋಗಳಲ್ಲಿ ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ನೆಗೆಟಿವ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ. ಆಮೇಲೆ ಲೋರಾ ತೆಗೆದು ಹೀಗೆ ಇಡಿ:

```
steps: 20
cfg: 3.5
```

ಎರಡನೆಯದು ಸರಪಳಿ. ಪ್ರತಿ ವಿಡಿಯೋದ ಕೊನೆಗೆ ತರಿ ಸ್ವಲ್ಪ ನುಣುಪಾಗಿರುತ್ತದೆ, ಎಂಪಿ4 ಸಂಕೋಚನದಲ್ಲಿ ಇನ್ನಷ್ಟು ಅಳಿಯುತ್ತದೆ, ಮುಂದಿನ ದೃಶ್ಯ ಆ ನುಣುಪನ್ನೇ ಮೂಲವೆಂದು ನಂಬುತ್ತದೆ. ಮೂರು ಸಲ ಹೀಗಾದ ಮೇಲೆ ಉಳಿಯುವುದು ಪ್ಲಾಸ್ಟಿಕ್. ಆದ್ದರಿಂದ ಆರೂ ದೃಶ್ಯಗಳ ಮೊದಲ ಫ್ರೇಮ್‌ಗಳನ್ನು ಒಂದೇ ಮೂಲ ರೆಫರೆನ್ಸ್‌ನಿಂದ ಸ್ಥಿರಚಿತ್ರಗಳಾಗಿ ಮೊದಲು ಮಾಡಿಕೊಂಡು, ಅಕ್ಕಪಕ್ಕ ಇಟ್ಟು ನೋಡಿ, ಪಿಎನ್‌ಜಿಯಾಗಿ ಉಳಿಸಿ, ಪ್ರತಿಯೊಂದಕ್ಕೂ ಬೇರೆಯಾಗಿ ಚಲನೆ ಕೊಡಿ.

ಆಲೂರು ಎಡಿಟರ್
ಕೊನೆಯ ಫ್ರೇಮ್ ಬಿಟ್ಟರೆ ಚಲನೆ ತುಂಡಾಗುತ್ತದೆ. ಅಜ್ಜಿ ಕೈ ಎತ್ತಿದ್ದು ಮುಂದಿನ ದೃಶ್ಯದಲ್ಲಿ ಇಳಿದಿರುತ್ತದೆ.

ಹೇಮಾವತಿ ದಂಡೆ
ಕಣದಿಂದ ಅಡುಗೆಮನೆಗೆ ಹೋಗುವಾಗ ಕಟ್ ಇರುವುದೇ ಸಹಜ. ಒಂದೇ ಚಲನೆ ಐದು ಸೆಕೆಂಡಿಗಿಂತ ಉದ್ದವಾಗಬೇಕಾದರೆ ಮಾತ್ರ ನಿಮ್ಮ ಮಾತು ಸರಿ, ಅಲ್ಲಿಯೂ ಒಂದು ಕೊಂಡಿಗಿಂತ ಹೆಚ್ಚು ಬೇಡ.

ಕಣದಮನೆ
ಪರೀಕ್ಷೆ ಮಾಡಿದೆ: ನೆಗೆಟಿವ್ ಇದ್ದದ್ದಕ್ಕೂ ಖಾಲಿ ಬಿಟ್ಟದ್ದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಲೋರಾ ತೆಗೆದು, ಸ್ಥಿರಚಿತ್ರಗಳಿಂದ ಮತ್ತೆ ಮಾಡಿದಾಗ ಐದು ದೃಶ್ಯಗಳಲ್ಲಿ ಕಾಗದದ ತರಿ ಕೊನೆಯವರೆಗೂ ಉಳಿಯಿತು. ಸಮಯ ಮಾತ್ರ ಹಲವು ಪಟ್ಟು ಹೆಚ್ಚಾಗಿದೆ. ಆರನೆಯದು, ಒಲೆಯ ಮುಂದಿನದು, ಇನ್ನೂ ಸರಿಯಾಗಿಲ್ಲ: ಹೊರಗೆ ಕತ್ತಲೆಯೆಂದು ಬರೆದರೂ ಗೋಡೆಯ ಮೇಲೆ ಕಣದ ಬಿಸಿಲು ಬೀಳುತ್ತಿದೆ.

ಹೇಮಾವತಿ ದಂಡೆ
ನಿಮ್ಮ ರೆಫರೆನ್ಸ್ ಚಿತ್ರವನ್ನು ಬಿಸಿಲಿನಲ್ಲಿ ಬರೆದಿದ್ದರೆ, ಕುಂಚದ ಗುಣದೊಂದಿಗೆ ಬೆಳಕೂ ಹಿಂದೆಯೇ ಬರುತ್ತದೆ. ಅದೇ ಶೈಲಿಯಲ್ಲಿ ರಾತ್ರಿಯ ಇನ್ನೊಂದು ರೆಫರೆನ್ಸ್ ಮಾಡಿ ನೋಡಿ. ಆದರೆ ಅದರ ಬಣ್ಣ ಉಳಿದ ಐದಕ್ಕೆ ಹೊಂದೀತೇ ಎಂಬುದನ್ನು ಚಿತ್ರ ನೋಡದೆ ಹೇಳಲಾರೆ. ಎರಡನ್ನೂ ಇಲ್ಲಿ ಹಾಕಿ.

ಆಲೂರು ಎಡಿಟರ್
ಆರನೆಯದಕ್ಕಾದರೂ ಒಮ್ಮೆ ಸೀಡ್ ಬದಲಿಸಿ ನೋಡಿ.