ಕಣ್ಣೆದುರು ಮಗನ ಅಪಘಾತ ಕಂಡ ತಾಯಿಗೆ ಪರಿಹಾರ ಉಂಟೇ?

ಬಟವಾಡಿಯ ಸದಸ್ಯೆ: ಮೇಡಂ, ಮೂರು ತಿಂಗಳ ಹಿಂದೆ ತಮ್ಮನಿಗೆ ಲಾರಿ ಹೊಡೆದು ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಹತ್ತು ಹೆಜ್ಜೆ ದೂರದಲ್ಲಿ ಹೂವು ಕಟ್ಟುತ್ತಿದ್ದ ಅಮ್ಮ ಎಲ್ಲವನ್ನೂ ಕಂಡರು. ಈಗ ಬ್ರೇಕ್ ಕಿರುಗುಟ್ಟಿದರೆ ಕೈಯಲ್ಲಿನ ದಾರ ಜಾರುತ್ತದೆ. ರಾತ್ರಿ ಎದ್ದು ಅವನ ಕಾಲನ್ನು ಮುಟ್ಟಿ ನೋಡುತ್ತಾರೆ. ತಮ್ಮನ ಅರ್ಜಿ ಸಿದ್ಧವಾಗಿದೆ. ಅಮ್ಮನೂ ಬೇರೆಯಾಗಿ ಪರಿಹಾರ ಕೇಳಬಹುದೇ?

ವಕೀಲರು: ಕೇಳಬಹುದಮ್ಮ. ಆದರೆ ಬರಿಯ ದುಃಖಕ್ಕೆ ಹಣ ಸಿಗದು, ಕಾಯಿಲೆ ಎಂದು ಮನೋವೈದ್ಯರು ಬರೆದಿರಬೇಕು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಗಾಯಗೊಂಡವರು ಅರ್ಜಿ ಹಾಕಬಹುದು. ಮನಸ್ಸಿಗಾದ ಗಾಯವೂ ಗಾಯವೇ ಎಂಬುದು ನಮ್ಮ ವಾದ. ಕಾಯ್ದೆ ಅದನ್ನು ಬಿಡಿಸಿ ಹೇಳಿಲ್ಲವಾದ್ದರಿಂದ ಗೆಲುವಿನ ಮಾತು ಕೊಡಲಾರೆ.

ಇಂಥದ್ದರಲ್ಲಿ ಇಂಗ್ಲೆಂಡಿನ ತೀರ್ಪುಗಳನ್ನು ಓದಿ ತೋರಿಸುತ್ತೇವೆ. 1964ರಲ್ಲಿ ಅಲ್ಲಿ ಒಬ್ಬ ತಾಯಿ ಮಗುವಿನೊಂದಿಗೆ ರಸ್ತೆಯ ಆಚೆ ಹೂವು ಕೀಳುತ್ತಿದ್ದರು. ಟೈರು ಸಿಡಿದ ಕಾರೊಂದು ಈಚೆ ಬದಿಯಲ್ಲಿದ್ದ ಗಂಡ ಮತ್ತು ಉಳಿದ ಮಕ್ಕಳಿಗೆ ಗುದ್ದಿತು. ಗಂಡ ತೀರಿಕೊಂಡರು. ಹಿಂಜ್ ವಿರುದ್ಧ ಬೆರಿ ಎಂಬ ಆ ಪ್ರಕರಣದಲ್ಲಿ, 1970ರಲ್ಲಿ, ಮೇಲ್ಮನವಿ ನ್ಯಾಯಾಲಯ 4,000 ಪೌಂಡುಗಳನ್ನು ಎತ್ತಿಹಿಡಿಯಿತು. ಗಂಡನನ್ನು ಕಳೆದುಕೊಂಡ ಶೋಕವನ್ನು ಬದಿಗಿಟ್ಟು, ಆ ದೃಶ್ಯದಿಂದ ಹತ್ತಿದ ಖಿನ್ನತೆಯ ಕಾಯಿಲೆಗಷ್ಟೇ ಕೊಟ್ಟ ಹಣ ಅದು.

ನನ್ನ ಕೈಯಲ್ಲೇ ಒಂದು ಸೋತಿತು. ಆರು ತಿಂಗಳ ಗಡುವು ಬರುವ ಮುಂಚಿನ ಮಾತು. ಶಿರಾ ರಸ್ತೆಯಲ್ಲಿ ಮಗಳಿಗೆ ಬಸ್ ಹೊಡೆದದ್ದನ್ನು ತಂದೆ ಕಂಡಿದ್ದರು. ವಿಮೆಯವರ ಕಡೆಯ ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ಪೊಲೀಸರ ಸಾಕ್ಷಿಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ? ಮನೋವೈದ್ಯರನ್ನು ಮೊದಲು ಕಂಡದ್ದು ಯಾವಾಗ? ಪೊಲೀಸರು ಹೇಳಿಕೆ ಪಡೆದದ್ದು ಟೀ ಅಂಗಡಿಯವರಿಂದ. ತಂದೆ ವೈದ್ಯರ ಬಳಿಗೆ ಹೋದದ್ದು ಎಂಟು ತಿಂಗಳ ಮೇಲೆ, ಅರ್ಜಿಗೆ ವಾರ ಇರುವಾಗ. ಅವರು ನಿಜಕ್ಕೂ ನಿದ್ದೆಗೆಟ್ಟಿದ್ದರು, ನಾನೇ ಕಣ್ಣಾರೆ ನೋಡಿದ್ದೆ. ಕಾಗದ ಮಾತ್ರ ಹಾಗೆ ಹೇಳಲಿಲ್ಲ.

ಆದ್ದರಿಂದ ಅಮ್ಮನನ್ನು ಈ ವಾರವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ದಾರ ಜಾರುವುದು, ಕಾಲು ಮುಟ್ಟಿ ನೋಡುವುದು, ಎಲ್ಲವನ್ನೂ ನಿಮಗೆ ಹೇಳಿದಂತೆಯೇ ಅವರಿಗೂ ಹೇಳಲಿ. ಪ್ರತಿ ಭೇಟಿಯ ಚೀಟಿಯನ್ನೂ ಇಡಿ, ಮುಂದೆ ಆ ವೈದ್ಯರೇ ಸಾಕ್ಷಿ ಹೇಳಬೇಕಾಗುತ್ತದೆ. ಮೊದಲು ದಿನಕ್ಕೆ ಎಷ್ಟು ಮಾರು ಕಟ್ಟುತ್ತಿದ್ದರು, ಈಗ ಎಷ್ಟು ಎಂಬುದಕ್ಕೆ ಹೂವಿನ ಮಂಡಿಯವರ ಲೆಕ್ಕದ ಪುಸ್ತಕ ಸಿಕ್ಕರೆ ಗಳಿಕೆಯ ನಷ್ಟವನ್ನೂ ಕೇಳಬಹುದು.

ಕುಣಿಗಲ್ ಸದಸ್ಯ: ಇಷ್ಟೆಲ್ಲ ಏಕೆ? ಹತ್ತಿರದ ಬಂಧುಗಳಿಗೆ ತಲಾ ನಲವತ್ತು ಸಾವಿರ ಎಂದು ಸುಪ್ರೀಂ ಕೋರ್ಟೇ ಹೇಳಿದೆ.

ವಕೀಲರು: ಅದು ಸಾವಿನ ಪ್ರಕರಣದಲ್ಲಿ, ಒಡನಾಟ ಕಳೆದುಕೊಂಡದ್ದಕ್ಕೆ. ಅದಕ್ಕೆ ಅಪಘಾತವನ್ನು ಕಣ್ಣಾರೆ ನೋಡಿರಬೇಕಾಗಿಲ್ಲ. ಇಲ್ಲಿ ಹುಡುಗ ಬದುಕಿದ್ದಾನೆ.

ಗುಬ್ಬಿ ಸದಸ್ಯ: ಮೂರು ವರ್ಷ ಆದಾಯ ತೆರಿಗೆ ಲೆಕ್ಕ ಸಲ್ಲಿಸಿದ್ದರೆ ಸರಕಾರ ಹತ್ತು ಪಟ್ಟು ಕೊಡಬೇಕಂತೆ. ಎಲ್ಲರಿಗೂ ಕಳುಹಿಸಿ.

ವಕೀಲರು: ಕಳುಹಿಸಬೇಡಿ. 166ನೇ ಕಲಮಿನ ಹೆಸರು ಹೇಳಿಕೊಂಡು ವರ್ಷಗಳಿಂದ ಸುತ್ತುತ್ತಿರುವ ಸುಳ್ಳು ಇದು. ಇದನ್ನು ನಂಬಿ ಕಾದವರ ಗಡುವು ಮೀರುತ್ತದೆ.

ಕೊರಟಗೆರೆ ಸದಸ್ಯೆ: ಮೊದಲು ಭಯಕ್ಕೆ ತಾಯತ ಕಟ್ಟಿಸಿ. ನಮ್ಮ ಅತ್ತೆಗೆ ಒಂಬತ್ತು ದಿನದಲ್ಲಿ ವಾಸಿಯಾಯಿತು.

ಕುಣಿಗಲ್ ಸದಸ್ಯ: ತಾಯತ ನೋಡಿ ವಿಮೆಯವರು ದುಡ್ಡು ಕೊಡುತ್ತಾರೆಯೇ?

ಕೊರಟಗೆರೆ ಸದಸ್ಯೆ: ನಾನು ದುಡ್ಡಿನ ಮಾತಾಡಲಿಲ್ಲ. ಆ ತಾಯಿ ನಿದ್ದೆ ಮಾಡಲಿ ಎಂದೆ. ನಿಮಗೆ ಎಲ್ಲವೂ ಲೆಕ್ಕವೇ.

ಕುಣಿಗಲ್ ಸದಸ್ಯ: ಕೇಳಿದ್ದೇ ಪರಿಹಾರದ ಬಗ್ಗೆ. ಓದಿ ಬರೆಯಿರಿ.

ವಕೀಲರು: ಜಗಳ ನಿಲ್ಲಿಸಿ. ತಾಯತ ಮನೆಯವರ ಇಷ್ಟ. ಅದನ್ನು ನೆಚ್ಚಿ ವೈದ್ಯರನ್ನು ಕಾಣುವುದು ತಡವಾದರೆ ಅಮ್ಮನಿಗೂ ಕಷ್ಟ, ಅರ್ಜಿಗೂ ಕಷ್ಟ.

ತಿಪಟೂರು ಸದಸ್ಯ: ಅಣ್ಣನ ಅಪಘಾತದ ವಿಡಿಯೊವನ್ನು ಮೊಬೈಲಿನಲ್ಲಿ ನೋಡಿದಾಗಿನಿಂದ ನನಗೂ ಎದೆ ಡವಡವ. ನಾನೂ ಹಾಕಬಹುದೇ?

ವಕೀಲರು: ಬಹಳ ಕಷ್ಟ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲನ್ನು ಟಿವಿಯಲ್ಲಿ ಕಂಡ ಬಂಧುಗಳ ದಾವೆಗಳು ಇಂಗ್ಲೆಂಡಿನಲ್ಲೇ ಬಿದ್ದುಹೋದವು. ನೀವು ವೈದ್ಯರನ್ನು ಕಾಣಿರಿ.

ಮಧುಗಿರಿ ಸದಸ್ಯ: ಲಾರಿಗೆ ವಿಮೆಯೇ ಇಲ್ಲದಿದ್ದರೆ ಯಾರನ್ನು ಕೇಳಬೇಕು?

ಗುಬ್ಬಿ ಸದಸ್ಯ: ಗಡುವು ಎಷ್ಟು ಮೇಡಂ?

ವಕೀಲರು: ಅಪಘಾತದ ದಿನದಿಂದ ಆರು ತಿಂಗಳು.

ಪಾವಗಡ ಸದಸ್ಯ: ಗಡುವು ಇದೆಯೇ?

ವಕೀಲರು: ಮೇಲೆ ಓದಿ.

ಬಟವಾಡಿಯ ಸದಸ್ಯೆ: ಮೇಡಂ, ಆರೋಪಪಟ್ಟಿ ಸಲ್ಲಿಸಿಬಿಟ್ಟಿದ್ದಾರೆ. ಸಾಕ್ಷಿಗಳಲ್ಲಿ ಅಮ್ಮನ ಹೆಸರಿಲ್ಲ.

ವಕೀಲರು: ತಮ್ಮನನ್ನು ಆಸ್ಪತ್ರೆಗೆ ಕರೆತಂದವರು ಯಾರು?

ಬಟವಾಡಿಯ ಸದಸ್ಯೆ: ಅಮ್ಮನೇ. ಆಟೊದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು, ಹೂವಿನ ಬುಟ್ಟಿಯ ಬಟ್ಟೆಯಿಂದ ಕಾಲನ್ನು ಬಿಗಿದು ಕಟ್ಟಿದ್ದರು.

ವಕೀಲರು: ಹಾಗಾದರೆ ಆಸ್ಪತ್ರೆಯ ಅಪಘಾತ ವಹಿಯಲ್ಲಿ ಕರೆತಂದವರು ಎಂದು ಅವರ ಹೆಸರು, ಬಂದ ಸಮಯ ಬರೆದಿರಬಹುದು. ನಾಳೆ ಬೆಳಿಗ್ಗೆಯೇ ಆ ಪುಟದ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಆಟೊದವರ ಹೆಸರನ್ನೂ ಹುಡುಕಿ.