ಎಂಟೇ ಜಿಲ್ಲೆಗಳಿದ್ದಾಗ p ಮೌಲ್ಯ

ಕೇಳಿದವರು: ಎಂಟು ಜಿಲ್ಲೆಗಳ ಮನೆ ಸಮೀಕ್ಷೆ ಇದೆ. ನಾಲ್ಕರಲ್ಲಿ ಯೋಜನೆ ಜಾರಿಯಾಗಿದೆ, ನಾಲ್ಕರಲ್ಲಿ ಇಲ್ಲ. ಜಿಲ್ಲಾವಾರು ಕ್ಲಸ್ಟರ್ ಮಾಡಿದರೆ t = 2.2. ನಮ್ಮ ಗೈಡ್ ಇದನ್ನು ನಂಬಬೇಡಿ ಅಂತಾರೆ. ವೈಲ್ಡ್ ಕ್ಲಸ್ಟರ್ ಬೂಟ್‌ಸ್ಟ್ರಾಪ್ ಬಳಸಿದವರು ಅನುಭವ ಹೇಳಿ.

ಸಮೀಕ್ಷೆಯವರು: ಹಳ್ಳಿವಾರು ಕ್ಲಸ್ಟರ್ ಮಾಡಿಬಿಡಿ. ನೂರಾರು ಹಳ್ಳಿ ಇರುತ್ತವಲ್ಲ, ತಲೆನೋವೇ ಇರಲ್ಲ.

ಎಂ.ಎ. ವಿದ್ಯಾರ್ಥಿ: ಯೋಜನೆ ಕೊಟ್ಟಿದ್ದು ಜಿಲ್ಲೆಗೆ, ಹಳ್ಳಿಗಲ್ಲ. ಹಾಗೆ ಮಾಡಿದರೆ p ಸುಮ್ಮನೆ ಕುಗ್ಗುತ್ತದೆ. 1.96 ಬಿಟ್ಟು 7 ಡಿಗ್ರಿ ಆಫ್ ಫ್ರೀಡಂನ t ಕೋಷ್ಟಕ ನೋಡಿ, ಗಡಿ 2.365. ನಿಮ್ಮ p 0.06ರ ಆಸುಪಾಸು. ಬೂಟ್‌ಸ್ಟ್ರಾಪ್ ಬೇಕಾಗಿಲ್ಲ.

ಹಳೆಯ ಕೈ: ಅದು ಅರ್ಧ ದಾರಿ ಅಷ್ಟೆ. ಸ್ಟ್ಯಾಂಡರ್ಡ್ ಎರರ್ ಹುಟ್ಟುವುದೇ ಎಂಟು ಜಿಲ್ಲೆಗಳ ರೆಸಿಡ್ಯುಯಲ್‌ಗಳಿಂದ. ರಿಗ್ರೆಶನ್ ಗೆರೆ ಆಗಲೇ ಅವುಗಳ ಕಡೆ ವಾಲಿರುವುದರಿಂದ ಅದು ಸಾಮಾನ್ಯವಾಗಿ ಚಿಕ್ಕದಾಗೇ ಬರುತ್ತದೆ. ಒಂದು ಜಿಲ್ಲೆ ಉಳಿದವಕ್ಕಿಂತ ತುಂಬ ದೊಡ್ಡದಾಗಿದ್ದರೆ ಕೋಷ್ಟಕವೂ ಕೈಕೊಡುತ್ತದೆ.

ಬೂಟ್‌ಸ್ಟ್ರಾಪ್‌ನಲ್ಲಿ ಮೊದಲು ಯೋಜನೆಯ ಪರಿಣಾಮ ಸೊನ್ನೆ ಅಂದುಕೊಂಡು ರಿಗ್ರೆಶನ್ ಓಡಿಸಿ ರೆಸಿಡ್ಯುಯಲ್ ತೆಗೆಯುತ್ತೀರಿ. ಆಮೇಲೆ ಜಿಲ್ಲೆಗೊಂದು ನಾಣ್ಯ ಚಿಮ್ಮಿ, ಹಿಂಬದಿ ಬಿದ್ದರೆ ಆ ಜಿಲ್ಲೆಯ ಎಲ್ಲ ರೆಸಿಡ್ಯುಯಲ್‌ಗಳ ಚಿಹ್ನೆಯನ್ನೂ ಒಟ್ಟಿಗೆ ತಿರುಗಿಸುತ್ತೀರಿ. ಜಿಲ್ಲೆಯೊಳಗಿನ ನಂಟು ಕೆಡುವುದಿಲ್ಲ, ಯಾವ ಜಿಲ್ಲೆಗೆ ಯೋಜನೆ ಇತ್ತು ಎಂಬುದೂ ಬದಲಾಗುವುದಿಲ್ಲ. ಅವನ್ನು ಆ ರಿಗ್ರೆಶನ್‌ನ ಅಂದಾಜಿಗೆ ಮತ್ತೆ ಕೂಡಿಸಿದಾಗ ಬರುವ ಹೊಸ y ಮೇಲೆ ಮತ್ತೆ t ಲೆಕ್ಕ ಹಾಕುತ್ತೀರಿ, ಅದೇ ಕುಗ್ಗಿದ ಸ್ಟ್ಯಾಂಡರ್ಡ್ ಎರರ್ ಬಳಸಿ. ನಿಮ್ಮ 2.2ರಲ್ಲಿರುವ ದೋಷವೇ ಹೋಲಿಕೆಯ t ಗಳಲ್ಲೂ ಇರುತ್ತದೆ. ಇದು ನೆರವಾಗುವುದು ಅದಕ್ಕೇ.

ಒಂದು ತೊಡಕಿದೆ. ಎಂಟು ನಾಣ್ಯಕ್ಕೆ 256 ವಿನ್ಯಾಸ, ಅವೂ ಕನ್ನಡಿಯ ಜೋಡಿಗಳು. ಹಾಗಾಗಿ ಬೇರೆ ಬೇರೆ |t| ಹೆಚ್ಚೆಂದರೆ 128. ಆ 128ರಲ್ಲಿ ನಿಮ್ಮದೂ ಸೇರಿ 9 ಮಾತ್ರ 2.2 ಮುಟ್ಟಿದರೆ p = 0.07, ಹತ್ತು ಸಾವಿರ ಸಲ ಓಡಿಸಿದರೂ ಹೊಸದೇನೂ ಸಿಗದು. ನಾಣ್ಯದ ಬದಲು ವೆಬ್ ಅವರ ಆರು ಬೆಲೆಗಳ ತೂಕ ಹಾಕಿದರೆ ವಿನ್ಯಾಸಗಳು 16,79,616 ಆಗುತ್ತವೆ. ಸ್ಟೇಟಾದಲ್ಲಿ:

```
ssc install boottest
regress y treat x, vce(cluster district)
boottest treat, weight(webb) reps(9999)
```

ಇನ್ನೊಬ್ಬರು: ನನ್ನ ಎಂಟರಲ್ಲಿ ಒಂದೇ ಜಿಲ್ಲೆಗೆ ಯೋಜನೆ ಸಿಕ್ಕಿತ್ತು. t ಭಾರಿ ಬಂತು, ಬೂಟ್‌ಸ್ಟ್ರಾಪ್ p ಮಾತ್ರ ಕೆಳಗಿಳಿಯಲೇ ಇಲ್ಲ. ಪರಿಣಾಮ ಇಲ್ಲ ಅಂತಲಾ?

ಹಳೆಯ ಕೈ: ಅಲ್ಲ ಸರ್. ಒಂದೇ ಜಿಲ್ಲೆ ಇದ್ದಾಗ ಅದರ ದೊಡ್ಡ ಪರಿಣಾಮವೆಲ್ಲ ಅದೇ ಜಿಲ್ಲೆಯ ರೆಸಿಡ್ಯುಯಲ್ ಒಳಗೆ ಸೇರಿಕೊಳ್ಳುತ್ತದೆ. ಚಿಹ್ನೆ ಹೇಗೆ ತಿರುಗಿದರೂ ದೊಡ್ಡ t ಯೇ ಬರುತ್ತದೆ. ಸೊನ್ನೆ ಹೇರದೆ ಮಾಡಿ ನೋಡಿ (`nonull`), ಆಗ ಬೇಕಾಬಿಟ್ಟಿ ತಿರಸ್ಕರಿಸುತ್ತದೆ. ಎರಡೂ p ದೂರ ದೂರ ನಿಂತರೆ ಯಾವುದನ್ನೂ ನಂಬಬೇಡಿ.

ಎಂ.ಎ. ವಿದ್ಯಾರ್ಥಿ: ಹಾಗಾದರೆ ಕೇಳಿದವರು ಎಂಟರಲ್ಲಿ ನಾಲ್ಕನ್ನು ಆರಿಸುವ 70 ಬಗೆಗಳನ್ನೂ ಹಾಕಿ ನೋಡಬಹುದಲ್ಲ? ಎರಡೂ ಕಡೆ ಲೆಕ್ಕ ಹಿಡಿದರೆ ಕನಿಷ್ಠ p 2/70.

ಹಳೆಯ ಕೈ: ಚೀಟಿ ಎತ್ತಿ ಆರಿಸಿದ್ದರೆ ಧಾರಾಳವಾಗಿ.

ಕೇಳಿದವರು: ವೆಬ್ ತೂಕ ಹಾಕಿದೆ, p 0.08 ಬಂತು. ಆದರೆ ಮೇಡಂ, ಜಿಲ್ಲೆಗಳನ್ನು ಬಡತನ ನೋಡಿ ಆರಿಸಿದ್ದರು, ಚೀಟಿ ಎತ್ತಿಲ್ಲ.

ಹಳೆಯ ಕೈ: ಅದನ್ನು ಯಾವ ಬೂಟ್‌ಸ್ಟ್ರಾಪ್ ಕೂಡ ಸರಿಮಾಡದು. ಯೋಜನೆಗೆ ಮುಂಚಿನ ಸಮೀಕ್ಷೆ ಇದೆಯೇ?